‘ನಾಳೆ ಸಂದರ್ಶನ’ ಎಂದರೆ ಯಾವ ನಾಳೆ?

ನಮ್ಮ ಐಟಿಐ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಮ್ಮೆ ನಾನೊಂದು ಮೆಸೇಜ್ ಹಾಕಿದ್ದೆ: ‘ನಾಳೆ ಚಿತ್ರದುರ್ಗದಲ್ಲಿ ನೇರ ಸಂದರ್ಶನ. ಎಲೆಕ್ಟ್ರಿಷಿಯನ್, ಫಿಟ್ಟರ್ ಬೇಕಾಗಿದ್ದಾರೆ. ಬೇಗ ಶೇರ್ ಮಾಡಿ.’ ಬೇರೆ ಗ್ರೂಪಿನಿಂದ ಬಂದಿದ್ದನ್ನು ಹಾಗೇ ದಾಟಿಸಿದ್ದೆ. ಹೊಸದುರ್ಗದ ಗೆಳೆಯನೊಬ್ಬ ಅದನ್ನು ನಂಬಿ, ಆ ದಿನದ ಕೂಲಿ ಬಿಟ್ಟು, ಅಂಕಪಟ್ಟಿಗಳ ಜೆರಾಕ್ಸ್ ಹಿಡಿದು ಮೊದಲ ಬಸ್ಸಿಗೇ ಬಂದ. ಅಲ್ಲಿ ಸಂದರ್ಶನವೇ ಇರಲಿಲ್ಲ. ಅದು ಹಿಂದಿನ ವರ್ಷದ ಮೆಸೇಜು. ಅವನು ಬೈಯಲಿಲ್ಲ. ‘ಡೇಟ್ ಒಂದು ನೋಡಿ ಹಾಕಬಾರ್ದಿತ್ತೇನೋ?’ ಅಂದ, ಅಷ್ಟೆ.

‘ನಾಳೆ’, ‘ಇದೇ ಶನಿವಾರ’ ಎಂಬ ಮಾತುಗಳಿಗೆ ವಯಸ್ಸಾಗುವುದೇ ಇಲ್ಲ. ಅದಕ್ಕೇ ಹಳೆಯ ಮೆಸೇಜುಗಳು ವರ್ಷಗಟ್ಟಲೆ ತಿರುಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅದು ಸುಳ್ಳೆಂದು ಹೇಳಲಾಗದು, ಆದರೆ ಪರೀಕ್ಷಿಸದೆ ದಾಟಿಸಬಾರದು.

ಅಂದಿನಿಂದ ನಾನು ಫಾರ್ವರ್ಡ್ ಒತ್ತುವುದಿಲ್ಲ. ಎಸ್‌ಎಸ್‌ಸಿ ನೇಮಕಾತಿಯಾದರೆ ssc.gov.in ತೆರೆದು ಅಧಿಸೂಚನೆಯ ದಿನಾಂಕ ನೋಡುತ್ತೇನೆ. ಖಾಸಗಿ ಕಂಪನಿಯಾದರೆ ಮೆಸೇಜಿನಲ್ಲಿರುವ ನಂಬರಿಗಲ್ಲ, ಆ ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಕರೆ ಮಾಡುತ್ತೇನೆ. ಆಮೇಲೆ ನನ್ನದೇ ಮಾತಿನಲ್ಲಿ ಬರೆಯುತ್ತೇನೆ:

‘ಎಲೆಕ್ಟ್ರಿಷಿಯನ್, ಐಟಿಐ ಆಗಿರಬೇಕು. ಸಂದರ್ಶನ ಹಿರಿಯೂರಿನಲ್ಲಿ, 14 ಜೂನ್ 2025, ಶನಿವಾರ ಬೆಳಿಗ್ಗೆ 10ಕ್ಕೆ. ಜೂನ್ 11ರಂದು ಕಂಪನಿಗೆ ಕರೆ ಮಾಡಿ ಖಚಿತಪಡಿಸಿಕೊಂಡಿದ್ದೇನೆ. ಸಂಬಳ ಎಷ್ಟೆಂದು ಹೇಳಲಿಲ್ಲ.’

ಕೊನೆಯ ಸಾಲು ಮುಖ್ಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದರೆ, ಹೋಗುವವರು ಬಸ್ ಚಾರ್ಜ್ ಖರ್ಚು ಮಾಡುವ ಮೊದಲೇ ವಿಚಾರಿಸಿಕೊಳ್ಳುತ್ತಾರೆ.

ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಟೆಲಿಗ್ರಾಂ ಗ್ರೂಪಿನಲ್ಲಿ ನಮ್ಮ ಮೆಸೇಜನ್ನು 48 ಗಂಟೆಯವರೆಗೆ ತಿದ್ದಬಹುದು, ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷ ಮಾತ್ರ. ಹಾಗಾಗಿ ದಿನಾಂಕ ಕಳೆದ ಮೇಲೆ ಅದೇ ಮೆಸೇಜಿಗೆ ರಿಪ್ಲೈ ಆಗಿ ‘ಇದು ಮುಗಿದಿದೆ’ ಎಂದು ಹಾಕುತ್ತೇನೆ. ಆಮೇಲೆ ಗ್ರೂಪಿನಲ್ಲಿ ಹುಡುಕುವವರಿಗೆ ಎರಡೂ ಕಾಣುತ್ತವೆ.

ನಮ್ಮ ಗ್ರೂಪಿಗೆ ಇದಕ್ಕಿಂತ ಹೆಚ್ಚು ಉಪಕಾರ ಮಾಡಿದವಳು ಹೊಳಲ್ಕೆರೆಯ ಹುಡುಗಿ. ಸಂದರ್ಶನಕ್ಕೆ ಹೋಗಿ ಬಂದ ಸಂಜೆಯೇ ಬರೆದಳು: ‘ಜೆರಾಕ್ಸ್ ಸಾಲದು, ಒರಿಜಿನಲ್ ಸರ್ಟಿಫಿಕೇಟ್ ಕೇಳಿದರು. ಮೆಗ್ಗರ್ ಕೈಗೆ ಕೊಟ್ಟು ಮೋಟಾರಿನ ಇನ್ಸುಲೇಷನ್ ನೋಡು ಅಂದರು. ಸಪ್ಲೈ ತೆಗೆದಿದ್ದೀಯಾ ಅಂತ ಮೊದಲು ಕೇಳಿದರು. ನಾನು ಅಲ್ಲೇ ತಡವರಿಸಿದೆ.’

ಅವಳಿಗೆ ಆ ಕೆಲಸ ಸಿಗಲಿಲ್ಲ. ಮುಂದಿನ ಸಂದರ್ಶನಕ್ಕೆ ಹೊಸದುರ್ಗದ ಅದೇ ಗೆಳೆಯ ಒರಿಜಿನಲ್ ಹಿಡಿದೇ ಹೋದ, ಮೊದಲು ಸಪ್ಲೈ ತೆಗೆದ, ಆಯ್ಕೆಯಾದ. ಕೆಲವು ತಿಂಗಳ ನಂತರ ಅವನ ಕಂಪನಿಯಲ್ಲಿ ಇನ್ನೊಂದು ಜಾಗ ಖಾಲಿಯಾದಾಗ ಅವನು ಮೊದಲು ಫೋನ್ ಮಾಡಿದ್ದು ಹೊಳಲ್ಕೆರೆಗೆ. ಅವಳು ಗ್ರೂಪಿನಲ್ಲಿ ಒಂದು ದಿನವೂ ತನ್ನ ರೆಸ್ಯೂಮೆ ಹಾಕಿದವಳಲ್ಲ.