ಬಿಳಿ ಬಣ್ಣವಲ್ಲ, ನಿಜವಾದ ಸೀಳು

ಗೆಳೆಯನೊಬ್ಬ ಸಸಿಗಳ ನರ್ಸರಿ ತೆರೆದಾಗ ಲೋಗೋ ಬರೆಯುವ ಕೆಲಸ ನನ್ನ ತಲೆಗೆ ಬಂತು. ನನಗೆ ಬರುತ್ತಿದ್ದುದು ಪವರ್‌ಪಾಯಿಂಟ್ ಒಂದೇ. ಹಸಿರು ಎಲೆ ಮಾಡಿ, ನಡುವಿನ ನರಕ್ಕೊಂದು ಬಿಳಿ ಗೆರೆ ಎಳೆದು ಕೊಟ್ಟೆ. ಬಿಳಿ ಹಾಳೆಯ ಮೇಲೆ ಚೆನ್ನಾಗಿಯೇ ಇತ್ತು. ಅವನು ಅದನ್ನು ಹಳದಿ ಸ್ಲೈಡಿಗೆ ಹಾಕಿದ. ಎಲೆಯ ಬುಡದಿಂದ ಬಿಳಿ ಬಾಲವೊಂದು ಇಣುಕಿತು!

ಬೇಕಾಗಿದ್ದದ್ದು ಬಿಳಿ ಬಳಿಯುವುದಲ್ಲ, ಕತ್ತರಿಸುವುದು. Shift ಒತ್ತಿ ಹಿಡಿದು 6 ಸೆಂ.ಮೀ. ಅಗಲದ ವೃತ್ತ ಬರೆಯಿರಿ. Ctrl+D ಒತ್ತಿದರೆ ಅದರ ನಕಲು ಸಿಗುತ್ತದೆ. ನಕಲನ್ನು ಅದೇ ಎತ್ತರದಲ್ಲಿ, ಮೊದಲಿನದಕ್ಕಿಂತ 3 ಸೆಂ.ಮೀ. ಬಲಕ್ಕೆ ಇಡಿ. ಎರಡನ್ನೂ ಆರಿಸಿ, Shape Format ಒಳಗಿನ Merge Shapes ತೆರೆದು Intersect ಕೊಟ್ಟರೆ ಎರಡೂ ಕೂಡುವ ಭಾಗ ಮಾತ್ರ ಉಳಿಯುತ್ತದೆ: 3 ಸೆಂ.ಮೀ. ಅಗಲ, ಸುಮಾರು 5.2 ಸೆಂ.ಮೀ. ಎತ್ತರದ ಎಲೆ. ಸಪೂರ ಎಲೆ ಬೇಕೆಂದರೆ ವೃತ್ತವನ್ನು ಇನ್ನಷ್ಟು ಸರಿಸಿ.

ಇನ್ನು ನರ. ಇಲ್ಲಿ ಗೆರೆ ಕೆಲಸಕ್ಕೆ ಬಾರದು, ಏಕೆಂದರೆ ಕತ್ತರಿಸುವಾಗ ಗೆರೆಯ ದಪ್ಪ ಲೆಕ್ಕಕ್ಕೆ ಬರುವುದಿಲ್ಲ. ಬುಡ 0.3 ಸೆಂ.ಮೀ. ಇರುವ ಉದ್ದನೆಯ ತ್ರಿಕೋನ ಬರೆದು, ಬುಡ ಎಲೆಯಿಂದ ತುಸು ಕೆಳಗೆ ಚಾಚುವಂತೆ ಇಡಿ. ಮೊದಲು ಎಲೆಯನ್ನು, ಆಮೇಲೆ Shift ಹಿಡಿದು ತ್ರಿಕೋನವನ್ನು ಕ್ಲಿಕ್ಕಿಸಿ Subtract ಕೊಡಿ. ಈ ಕ್ರಮ ಮುಖ್ಯ: ಮೊದಲು ಆರಿಸಿದ್ದು ಉಳಿಯುತ್ತದೆ, ಉಳಿದವು ಅದನ್ನು ಕತ್ತರಿಸುತ್ತವೆ. ತಿರುಗಾಮುರುಗ ಆರಿಸಿದರೆ ಕೈಗೆ ಸಿಗುವುದು ಎಲೆಯಿಂದ ಹೊರಗಿದ್ದ ತ್ರಿಕೋನದ ತುಣುಕು. ಸೀಳು ನಿಜವೋ ಎಂದು ನೋಡಲು ಹಿಂದೆ ಕೆಂಪು ಚೌಕವೊಂದನ್ನು ಇಟ್ಟು ನೋಡಿ, ಸೀಳಿನಲ್ಲಿ ಕೆಂಪು ಕಾಣಬೇಕು.

ಎರಡು ವೃತ್ತದ ಎಲೆ ತೀರಾ ಅಚ್ಚುಕಟ್ಟು, ಜೀವವಿಲ್ಲದ್ದು. ಎಲೆಯ ಮೇಲೆ ಬಲ ಕ್ಲಿಕ್ ಮಾಡಿ Edit Points ಕೊಡಿ. ಅಂಚಿನಲ್ಲಿ ಕಪ್ಪು ಬಿಂದುಗಳು ಕಾಣುತ್ತವೆ. ತುದಿಯ ಬಿಂದುವನ್ನು ಸ್ವಲ್ಪ ಬಲಕ್ಕೆ ಎಳೆಯಿರಿ. ಅದನ್ನು ಒತ್ತಿದಾಗ ಮೂಡುವ ಎರಡು ನೀಲಿ ಕಡ್ಡಿಗಳ ತುದಿಯ ಬಿಳಿ ಚೌಕಗಳನ್ನು ಎಳೆದರೆ ಬಾಗು ಬದಲಾಗುತ್ತದೆ. ಎರಡು ಕಡ್ಡಿಯೂ ಒಟ್ಟಿಗೆ ಓಲಾಡಿದರೆ ಬಲ ಕ್ಲಿಕ್ ಮಾಡಿ Corner Point ಆರಿಸಿ, ತುದಿ ಚೂಪಾಗಿಯೇ ಉಳಿಯುತ್ತದೆ. ಅಂಚು ಉಬ್ಬುತಗ್ಗಾಗಿದ್ದರೆ ಹೊಸ ಬಿಂದು ಸೇರಿಸುವ ಆಸೆಯಾಗುತ್ತದೆ. ನಾನೂ ಸೇರಿಸಿ ಕೆಡಿಸಿದ್ದೇನೆ. ಸಾಮಾನ್ಯವಾಗಿ ಒಂದು ಬಿಂದು ತೆಗೆದರೇ ಅಂಚು ನುಣುಪಾಗುತ್ತದೆ.

ಒಮ್ಮೆ ಕತ್ತರಿಸಿ ಕಡತ ಮುಚ್ಚಿದ ಮೇಲೆ ವೃತ್ತ, ತ್ರಿಕೋನಗಳು ಮರಳಿ ಬರುವುದಿಲ್ಲ. ಅದಕ್ಕೇ ಬಿಡಿಭಾಗಗಳ ನಕಲನ್ನು ಪಕ್ಕದ ಸ್ಲೈಡಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದು ಬೇಗನೆ ಉಪಯೋಗಕ್ಕೂ ಬಂತು: ವಿಸಿಟಿಂಗ್ ಕಾರ್ಡಿಗಾಗಿ ಎಲೆಯನ್ನು 1 ಸೆಂ.ಮೀ.ಗೆ ಇಳಿಸಿದಾಗ ಸೀಳು ಕೂದಲೆಳೆಯಾಗಿ ಮಾಯವಾಗಿತ್ತು. ತ್ರಿಕೋನದ ಬುಡವನ್ನು 0.6 ಸೆಂ.ಮೀ.ಗೆ ಹಿಗ್ಗಿಸಿ ಇನ್ನೊಮ್ಮೆ ಕತ್ತರಿಸಿ, ಸಣ್ಣ ಗಾತ್ರಕ್ಕೆಂದೇ ಎರಡನೆಯ ಎಲೆ ಮಾಡಿಕೊಟ್ಟೆ.