ಬೇಲಿಯೇ ಹೊಲ ಮೇಯ್ದಾಗ

2019ರ ಕೊನೆಯಲ್ಲಿ ಚೀನಾ ದೇಶದ ವೂಹಾನ್ ನಗರದಲ್ಲಿ ಮೊದಲು ಕಾಣಿಸಿಕೊಂಡ ಕೋವಿಡ್ ರೋಗಕ್ಕೆ ಕಾರಣವಾದ ಕೊರೋನಾ ವೈರಾಣುವು ಸ್ವತಂತ್ರವಾಗಿ ಬೆಳೆಯಲಾರದು. ಜೀವಕೋಶವನ್ನು ಹೊಕ್ಕ ಮೇಲೆಯೇ ಅದರ ವಂಶವೃದ್ಧಿ. ಈ ಪ್ರವೇಶಕ್ಕೆ ಸಾಧನವಾದುವು ಅದರ ಮೈಮೇಲಿನ ಪ್ರೋಟೀನಿನ ಮುಳ್ಳುಗಳು.

ನಮ್ಮ ಮೂಗು ಮತ್ತು ಶ್ವಾಸಕೋಶಗಳ ಕೆಲವು ಜೀವಕೋಶಗಳ ಹೊರಮೈಯಲ್ಲಿ ಎಸಿಇ-2 ಎಂಬ ಪ್ರೋಟೀನು ಇರುತ್ತದೆ. ರಕ್ತದೊತ್ತಡವನ್ನು ಹದದಲ್ಲಿಡಲು ನೆರವಾಗುವುದು ಅದರ ಸಹಜ ಕಾರ್ಯ. ವೈರಾಣುವಿನ ಮುಳ್ಳು ಇದನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಹಿಡಿದುಕೊಂಡ ಮಾತ್ರಕ್ಕೆ ಒಳಹೋಗಲಾಗದು. ಜೀವಕೋಶದ ಮೇಲೆಯೇ ಇರುವ ಕಿಣ್ವವೊಂದು ಮುಳ್ಳನ್ನು ಕತ್ತರಿಸಬೇಕು. ಆಗ ಮುಳ್ಳಿನ ಹೊರಭಾಗವು ಕಳಚಿ, ಅದುವರೆಗೆ ಅಡಗಿದ್ದ ಒಳಭಾಗವು ಚಾಚಿಕೊಂಡು ಜೀವಕೋಶದ ಪೊರೆಗೆ ನಾಟುತ್ತದೆ. ಬಳಿಕ ಅದು ಮಡಚಿಕೊಂಡು, ವೈರಾಣುವಿನ ಪೊರೆಯನ್ನೂ ಜೀವಕೋಶದ ಪೊರೆಯನ್ನೂ ಒಂದಕ್ಕೊಂದು ಎಳೆದು ಬೆಸೆಯುತ್ತದೆ. ಹೀಗೆ ತೆರೆದ ರಂಧ್ರದ ಮೂಲಕ ವೈರಾಣುವಿನ ಆರ್‌ಎನ್‌ಎ ಒಳಸೇರಿ, ಜೀವಕೋಶದಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.

ಸೋಂಕು ತಗುಲಿದ ಜೀವಕೋಶಗಳು ಸೈಟೋಕೈನ್ ಎಂಬ ಸಂದೇಶದ ಅಣುಗಳನ್ನು ಹೊರಸೂಸುತ್ತವೆ. ರಕ್ತನಾಳಗಳ ಗೋಡೆ ಸಡಿಲಗೊಂಡು, ಬಿಳಿಯ ರಕ್ತಕಣಗಳು ಹೊರಬಂದು ಹೋರಾಡುತ್ತವೆ. ಇದೇ ಉರಿಯೂತ. ಬಹುಮಂದಿಯಲ್ಲಿ ವೈರಾಣು ಅಳಿದೊಡನೆ ಇದೂ ಶಮನವಾಗುತ್ತದೆ. ಕೆಲವರಲ್ಲಿ ಮಾತ್ರ, ಸಾಮಾನ್ಯವಾಗಿ ರೋಗದ ಎರಡನೆಯ ವಾರದ ಹೊತ್ತಿಗೆ, ಅದು ಹತೋಟಿ ಮೀರುತ್ತದೆ. ಬಂದ ರಕ್ತಕಣಗಳು ಮತ್ತಷ್ಟು ಸಂದೇಶಗಳನ್ನು ಹೊರಡಿಸಿ ಇನ್ನಷ್ಟು ರಕ್ತಕಣಗಳನ್ನು ಕರೆಯುತ್ತವೆ. ಗಾಳಿ ತುಂಬಿರಬೇಕಾದ ವಾಯುಕೋಶಗಳಲ್ಲಿ ದ್ರವ ತುಂಬುತ್ತದೆ. ಆಮ್ಲಜನಕವು ರಕ್ತವನ್ನು ಸೇರಲಾರದೆ ಹೋಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಹ ಸ್ಥಿತಿ ಇದು.

ಹಾನಿಯ ದೊಡ್ಡ ಪಾಲು ವೈರಾಣುವಿನದಲ್ಲ, ಉರಿಯೂತದ್ದು ಎಂಬುದಕ್ಕೆ ಆಧಾರವೇನು? 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ 'ರಿಕವರಿ' ಎಂಬ ಪ್ರಯೋಗವು ಇದಕ್ಕೆ ಉತ್ತರ ನೀಡಿತು. ಅದರಲ್ಲಿ ಪರೀಕ್ಷಿಸಿದ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಔಷಧವು ವೈರಾಣುವನ್ನು ಕೊಲ್ಲುವುದಿಲ್ಲ. ಉರಿಯೂತವನ್ನು ತಗ್ಗಿಸುತ್ತದೆ, ಅಷ್ಟೆ. ಕೃತಕ ಉಸಿರಾಟದ ಯಂತ್ರವನ್ನು ಅವಲಂಬಿಸಿದ್ದ ರೋಗಿಗಳಲ್ಲಿ, ವಾಡಿಕೆಯ ಚಿಕಿತ್ಸೆಯನ್ನಷ್ಟೇ ಪಡೆದವರ ಪೈಕಿ 28 ದಿನಗಳಲ್ಲಿ ನೂರಕ್ಕೆ ಸುಮಾರು 41 ಮಂದಿ ಮೃತಪಟ್ಟರೆ, ಈ ಔಷಧವನ್ನೂ ಪಡೆದವರಲ್ಲಿ ಆ ಸಂಖ್ಯೆ ಸುಮಾರು 29ಕ್ಕೆ ಇಳಿಯಿತು.

ಆದರೆ ಆಮ್ಲಜನಕದ ಅಗತ್ಯವೇ ಬೀಳದಿದ್ದ ರೋಗಿಗಳಿಗೆ ಇದರಿಂದ ಪ್ರಯೋಜನ ಕಾಣಲಿಲ್ಲ. ಕೇಡಾಗುವ ಸಂಭವವನ್ನೂ ಅಲ್ಲಗಳೆಯಲಾಗಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ರೋಗದ ಮೊದಲ ದಿನಗಳಲ್ಲಿ ಅದೇ ರಕ್ಷಣಾ ವ್ಯವಸ್ಥೆಯು ವೈರಾಣುವಿನೊಡನೆ ಹೋರಾಡುತ್ತಿರುತ್ತದೆ. ಆಗ ಅದನ್ನು ಅಡಗಿಸುವುದೆಂದರೆ, ಬೆಳೆಯಿರುವಾಗಲೇ ಬೇಲಿಯನ್ನು ಕಿತ್ತಂತೆ. ಒಂದೇ ಔಷಧವು ಎರಡನೆಯ ವಾರದಲ್ಲಿ ಪ್ರಾಣವನ್ನುಳಿಸಬಲ್ಲದು, ಮೊದಲ ದಿನಗಳಲ್ಲಿ ಅಪಾಯವನ್ನೂ ತರಬಲ್ಲದು. ಆದುದರಿಂದಲೇ ವೈದ್ಯರು ಔಷಧವನ್ನು ಬರೆಯುವ ಮುನ್ನ ರೋಗಿಯ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಎಷ್ಟಿದೆಯೆಂದು ನೋಡುತ್ತಾರೆ.