ಅಲರ್ಟ್ ಬಾರದ ರಾತ್ರಿ ಬಂದ ಪೋಸ್ಟ್

ಹುಬ್ಬಳ್ಳಿಯ ಸೀರೆ ಅಂಗಡಿಯ ಮಾಲೀಕರೊಬ್ಬರು ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದ್ದರು. ಅಂಗಡಿಯ ಫೇಸ್‌ಬುಕ್ ಪೇಜಿನಲ್ಲಿ ನಡುರಾತ್ರಿ ಕಳೆದು ಎರಡೂವರೆಗೆ ಇಳಕಲ್ ಸೀರೆಯ ಜಾಹೀರಾತೊಂದು ಬಿದ್ದಿತ್ತು. ಆ ಹೊತ್ತಿಗೆ ಮನೆಮಂದಿಯೆಲ್ಲ ಮಲಗಿದ್ದರು. "ಯಾರೋ ನಮ್ಮ ಪೇಜ್ ಹ್ಯಾಕ್ ಮಾಡ್ಯಾರ್ರೀ. ಆದ್ರ ಒಂದೂ ಅಲರ್ಟ್ ಬಂದಿಲ್ಲ, ಅದ್ಹೆಂಗ್ರೀ?" ಎಂದು ಕೇಳಿದರು. ನನಗೆ ಹೇಳುವ ಮೊದಲೇ ಅವರು ಪೋಸ್ಟ್ ಅಳಿಸಿದ್ದರು, ತಮ್ಮ ಪಾಸ್‌ವರ್ಡ್ ಕೂಡ ಬದಲಿಸಿದ್ದರು. ಮರುದಿನ ರಾತ್ರಿ ಸರಿಯಾಗಿ ಅದೇ ಎರಡೂವರೆಗೆ ಇನ್ನೊಂದು ಪೋಸ್ಟ್ ಬಂತು.

ಅವರು ನಂಬಿದ್ದ ಮಾತುಗಳನ್ನೇ ನಾನು ವ್ಯಾಪಾರಸ್ಥರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಪೋಸ್ಟ್‌ಗಳನ್ನು ಮೊದಲೇ ತುಂಬಿಟ್ಟು, ಹೇಳಿದ ಹೊತ್ತಿಗೆ ಹಾಕಿಸುವ ಬಫರ್, ಹೂಟ್‌ಸೂಟ್‌ನಂಥ ಶೆಡ್ಯೂಲಿಂಗ್ ಟೂಲ್‌ಗಳನ್ನು ಬಳಸುವವರು ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ನಂಬಿಕೆ: ಲಾಗಿನ್ ಅಲರ್ಟ್ ಬಂದಿಲ್ಲ ಅಂದರೆ ಯಾರೂ ಒಳಗೆ ಬಂದಿಲ್ಲ.

ಸತ್ಯ: ಲಾಗಿನ್ ಅಲರ್ಟ್ ಬರುವುದು ಯಾರಾದರೂ ಲಾಗಿನ್ ಆದಾಗ. ಶೆಡ್ಯೂಲಿಂಗ್ ಟೂಲ್ ಲಾಗಿನ್ ಆಗುವುದೇ ಇಲ್ಲ. ಮೊದಲ ದಿನ ಟೂಲನ್ನು ಪೇಜಿಗೆ ಜೋಡಿಸುವಾಗ ಒಂದು ಪರದೆ ಬರುತ್ತದೆ. "ಈ ಆಪ್ ನಿಮ್ಮ ಪರವಾಗಿ ಪೋಸ್ಟ್ ಮಾಡಬಹುದೇ?" ಎಂಬ ಅರ್ಥದ ಪ್ರಶ್ನೆಗೆ ನಾವು ಹೂಂ ಅನ್ನುತ್ತೇವೆ. ಆಗ ಫೇಸ್‌ಬುಕ್ ಆ ಟೂಲಿನ ಕೈಗೆ ಟೋಕನ್ ಎಂಬ ಉದ್ದನೆಯ ಗುಪ್ತ ಅಕ್ಷರಮಾಲೆಯನ್ನು ಕೊಡುತ್ತದೆ. ಮುಂದೆ ಟೂಲ್ ಅದನ್ನು ತೋರಿಸಿಯೇ ಪೋಸ್ಟ್ ಹಾಕುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಓಟಿಪಿ ಬರುವುದಿಲ್ಲ.

ಊರಿನ ಜಮೀನು ನೋಡಿಕೊಳ್ಳಲು ಯಾರಿಗಾದರೂ ಜಿಪಿಎ ಬರೆದುಕೊಟ್ಟರೆ ಅವರು ನಮ್ಮ ಮನೆಗೆ ಬಂದು ಬಾಗಿಲು ತಟ್ಟದೆಯೇ ನಮ್ಮ ಹೆಸರಿನಲ್ಲಿ ಸಹಿ ಹಾಕಬಹುದು. ಟೋಕನ್ ಕೂಡ ಹಾಗೆಯೇ. ಆದರೆ ಟೋಕನ್ ಕಳುವಾದರೆ ಕದ್ದವನೂ ನಮ್ಮ ಹೆಸರಿನಲ್ಲಿ ಪೋಸ್ಟ್ ಹಾಕುತ್ತಾನೆ, ನಮ್ಮ ಮನೆಯ ಬಾಗಿಲಲ್ಲಿ ಮಾತ್ರ ಸದ್ದೇ ಆಗಿರುವುದಿಲ್ಲ.

ಇದು 2013ರ ಅಕ್ಟೋಬರ್ 26ರಂದು ನಿಜವಾಗಿಯೇ ನಡೆಯಿತು. ಬಫರ್ ಬಳಸುತ್ತಿದ್ದ ಅನೇಕರ ಫೇಸ್‌ಬುಕ್ ಮತ್ತು ಟ್ವಿಟರ್ ಖಾತೆಗಳಲ್ಲಿ ಇದ್ದಕ್ಕಿದ್ದಂತೆ ತೂಕ ಇಳಿಸುವ ಔಷಧಿಯ ಸ್ಪ್ಯಾಮ್ ಪೋಸ್ಟ್‌ಗಳು ಬಿದ್ದವು. ಆ ಬಳಕೆದಾರರ ಪಾಸ್‌ವರ್ಡ್‌ಗಳು ಕಳುವಾಗಿರಲಿಲ್ಲ. ಕಳುವಾದದ್ದು ಟೋಕನ್‌ಗಳು. ಬಫರ್‌ನ ಡೇಟಾಬೇಸ್ ಇರಿಸಿಕೊಂಡಿದ್ದ ಮೊಂಗೊಹೆಚ್‌ಕ್ಯೂ ಎಂಬ ಇನ್ನೊಂದು ಕಂಪನಿಯ ನೌಕರನೊಬ್ಬ ಬೇರೆ ಕಡೆಯೂ ಬಳಸಿದ್ದ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿತ್ತು. ಟೋಕನ್‌ಗಳನ್ನು ಆಗ ಗೂಢಲಿಪಿಗೆ ತಿರುಗಿಸದೆ ಇಟ್ಟಿದ್ದರಿಂದ ಕದ್ದವರು ಅವನ್ನು ನೇರವಾಗಿ ಬಳಸಬಹುದಿತ್ತು. ಅಂಗಡಿಯವರು, ಅವರ ಟೂಲ್, ಆ ಟೂಲಿನ ಡೇಟಾಬೇಸ್ ಕಂಪನಿ, ಹೀಗೆ ಮೂರನೆಯ ಮನೆಯಲ್ಲಿ ಆದ ತಪ್ಪು ಅಂಗಡಿಯ ಗೋಡೆಯ ಮೇಲೆ ಕಾಣಿಸಿಕೊಂಡಿತು. ಬಫರ್ ಆ ಬಳಿಕ ಟೋಕನ್‌ಗಳನ್ನು ಗೂಢಲಿಪಿಯಲ್ಲಿ ಇಡತೊಡಗಿತು.

2017ರ ಮಾರ್ಚ್ 15ರಂದು ಇಂಥದ್ದೇ ಇನ್ನೊಂದು. ನೆದರ್ಲೆಂಡ್ಸ್ ಮತ್ತು ಟರ್ಕಿಯ ನಡುವೆ ಜಗಳ ಕಾವೇರಿದ್ದ ದಿನಗಳವು. ಫೋರ್ಬ್ಸ್, ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನಂಥ ಖಾತೆಗಳಿಂದ ನಾಜಿ ಸ್ವಸ್ತಿಕ ಚಿಹ್ನೆಯಿದ್ದ ಟರ್ಕಿ ಭಾಷೆಯ ಟ್ವೀಟ್‌ಗಳು ಹೊರಬಿದ್ದವು. ದಾರಿಯಾದದ್ದು ಟ್ವಿಟರ್ ಕೌಂಟರ್ ಎಂಬ, ಅಂಕಿಅಂಶ ತೋರಿಸುವ ಆಪ್. ಅಂಕಿ ತೋರಿಸಬೇಕಾದ ಆಪ್‌ಗೆ ಟ್ವೀಟ್ ಹಾಕುವ ಅನುಮತಿಯೂ ಇತ್ತು. ಟ್ವಿಟರ್ ಆ ಆಪ್‌ನ ಅನುಮತಿಯನ್ನೇ ತೆಗೆದುಹಾಕಿತು. ಓಟಿಪಿ ಹಾಕಿದ್ದೇವೆ, ನಮಗೇನೂ ಆಗದು ಎನ್ನುವವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ. ಓಟಿಪಿ ಕಾಯುವುದು ಲಾಗಿನ್ ಬಾಗಿಲನ್ನು. ಈ ಪೋಸ್ಟ್‌ಗಳು ಬಂದದ್ದು ಆ ಬಾಗಿಲಿನಿಂದಲ್ಲ.

ನಂಬಿಕೆ: ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಸಂಪರ್ಕವೂ ಕಡಿದುಹೋಗುತ್ತದೆ.

ಸತ್ಯ: ಮನೆಯ ಬೀಗ ಬದಲಿಸಿದರೆ ಜಿಪಿಎ ರದ್ದಾಗುವುದಿಲ್ಲ. ಅದನ್ನು ಬೇರೆಯಾಗಿಯೇ ರದ್ದು ಮಾಡಬೇಕು. ಯಾವ ವೇದಿಕೆ ಏನು ಮಾಡುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದಾಗ ತಾನಾಗಿ ಸಾಯುವುದು ಜಿಮೇಲ್ ಅನುಮತಿ ಇರುವ ಟೋಕನ್‌ಗಳು ಮಾತ್ರ. ಯೂಟ್ಯೂಬ್‌ಗೆ ವಿಡಿಯೋ ಏರಿಸಲು ಕೊಟ್ಟ ಅನುಮತಿ ಹಾಗೆಯೇ ಉಳಿದಿರುತ್ತದೆ. ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಬದಲಿಸಿದವರ ಟೋಕನ್ ಸಾಮಾನ್ಯವಾಗಿ ಸಾಯುತ್ತದೆ, ಟೂಲ್ ಮತ್ತೆ ಜೋಡಿಸಿ ಎಂದು ಕೇಳುತ್ತದೆ.

ಹಾಗಿದ್ದರೆ ನಮ್ಮ ಹುಬ್ಬಳ್ಳಿಯವರ ಪೇಜಿನಲ್ಲಿ ಮರುದಿನವೂ ಪೋಸ್ಟ್ ಬಂದದ್ದು ಹೇಗೆ? ಫೇಸ್‌ಬುಕ್ ಪೇಜಿಗೆ ಅದರದ್ದೇ ಆದ ಪಾಸ್‌ವರ್ಡ್ ಇರುವುದಿಲ್ಲ. ಅದನ್ನು ನಡೆಸುವ ಒಬ್ಬೊಬ್ಬರೂ ತಮ್ಮ ಸ್ವಂತ ಪ್ರೊಫೈಲಿನಿಂದಲೇ ಒಳಗೆ ಬರುತ್ತಾರೆ. ಮಾಲೀಕರು ಬದಲಿಸಿದ್ದು ತಮ್ಮ ಪಾಸ್‌ವರ್ಡನ್ನು. ಟೂಲನ್ನು ಜೋಡಿಸಿದ್ದು ಅವರ ಅಳಿಯ, ತನ್ನ ಪ್ರೊಫೈಲಿನಿಂದ. ಆ ಟೋಕನ್ ಅಳಿಯನ ಹೆಸರಿನದು, ಮಾವ ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ಅದಕ್ಕೆ ತಾಗುವುದಿಲ್ಲ. ಲಾಗಿನ್ ಅಲರ್ಟ್‌ನ ವಿಷಯವೂ ಇದೇ. ನಾಳೆ ಯಾರಾದರೂ ಅಳಿಯನ ಪ್ರೊಫೈಲಿಗೆ ನುಗ್ಗಿದರೆ ಅಲರ್ಟ್ ಹೋಗುವುದು ಅಳಿಯನ ಫೋನಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಕುಳಿತವರಿಗಲ್ಲ. ಆತ ಅದನ್ನು ನೋಡದೆ ಬೆರಳಿನಿಂದ ಸರಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು.

ನಂಬಿಕೆ: ನಾವು ಹಾಕದ ಪೋಸ್ಟ್ ಬಂದಿದೆ ಎಂದರೆ ಹ್ಯಾಕ್ ಆಗಿದೆ ಎಂದೇ ಅರ್ಥ. ಮೊದಲು ಅಳಿಸಬೇಕು.

ಸತ್ಯ: ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಅರ್ಧ ನಿಮಿಷದ ಕೆಲಸ ಅಷ್ಟೆ. ಆ ಪೋಸ್ಟ್ ಎಲ್ಲಿಂದ ಬಂತೆಂಬ ಸುಳಿವು ಅದರ ಮೇಲೆಯೇ ಬರೆದಿರುತ್ತದೆ. ಪೇಜ್ ನಡೆಸುವವರಾಗಿ ನೋಡಿದಾಗ ಪೋಸ್ಟಿನ ಬಳಿ ಸಾಮಾನ್ಯವಾಗಿ Published by ಎಂಬ ಸಾಲು ಕಾಣುತ್ತದೆ, ಅದರ ಮುಂದೆ ಒಬ್ಬರ ಹೆಸರೋ ಒಂದು ಟೂಲಿನ ಹೆಸರೋ ಇರುತ್ತದೆ. ಎಕ್ಸ್‌ನಲ್ಲಿ ಈಗ ಈ ಸೌಲಭ್ಯವಿಲ್ಲ, ಯಾವ ಆಪ್‌ನಿಂದ ಟ್ವೀಟ್ ಬಂತೆಂದು ತೋರಿಸುವುದನ್ನು 2022ರ ಡಿಸೆಂಬರಿನಲ್ಲಿ ತೆಗೆದುಬಿಟ್ಟರು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ.

ಫೇಸ್‌ಬುಕ್‌ನ Published by ಸಾಲಿನಲ್ಲಿ ವ್ಯಕ್ತಿಯ ಹೆಸರಿದ್ದರೆ ಅವರ ಪ್ರೊಫೈಲನ್ನು ಪರಿಶೀಲಿಸಬೇಕು. ಟೂಲಿನ ಹೆಸರಿದ್ದರೆ ಟೂಲಿನೊಳಗೆ ಹೋಗಿ, ಕಳಿಸಿದ ಪೋಸ್ಟ್‌ಗಳ ಪಟ್ಟಿಯಲ್ಲಿ ಅದು ಇದೆಯೇ ಎಂದು ನೋಡಬೇಕು. ಪಟ್ಟಿಯಲ್ಲಿದ್ದು, ಅದನ್ನು ಹಾಕಿದವರೆಂದು ತೋರಿಸುವ ಸದಸ್ಯರು ನಾನು ಹಾಕಿಲ್ಲ ಎಂದರೆ, ಟೂಲಿನಲ್ಲಿರುವ ಅವರ ಖಾತೆ ಬೇರೆಯವರ ಕೈಗೆ ಹೋಗಿದೆ. ಆಗ ಬದಲಿಸಬೇಕಾದದ್ದು ಟೂಲಿನ ಪಾಸ್‌ವರ್ಡ್. ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಪೋಸ್ಟಿನ ಮೇಲೆ ಮಾತ್ರ ಟೂಲಿನ ಹೆಸರಿದೆ ಎಂದಾದರೆ 2013ರಲ್ಲಿ ಆದಂತೆ ಟೋಕನ್ನೇ ಸೋರಿರಬಹುದು. ಆಗ ಒಂದು ಕ್ಷಣವೂ ಕಾಯದೆ ಅನುಮತಿ ರದ್ದು ಮಾಡಬೇಕು.

ಹುಬ್ಬಳ್ಳಿಯ ಪೋಸ್ಟ್‌ನಲ್ಲಿ ಟೂಲಿನ ಹೆಸರಿತ್ತು. ಅಳಿಯನನ್ನು ಕೂರಿಸಿಕೊಂಡು ಪಟ್ಟಿ ತೆರೆದೆವು. ಎರಡೂ ಪೋಸ್ಟ್‌ಗಳು ಅಲ್ಲಿದ್ದವು, ಬರೆದದ್ದು ಆತನೇ, ಎದುರಿಗೆ 21:00 ಎಂದಿತ್ತು. ಊಟ ಮುಗಿಸಿ ಹೆಂಗಸರು ಫೋನ್ ಹಿಡಿಯುವ ಹೊತ್ತು ಎಂದು ಆತ ರಾತ್ರಿ ಒಂಬತ್ತಕ್ಕೆ ಇಟ್ಟಿದ್ದ. ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ನೋಡಿದರೆ UTC. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಅಲ್ಲಿಯ ರಾತ್ರಿ ಒಂಬತ್ತು ನಮ್ಮ ನಡುರಾತ್ರಿ ಕಳೆದ ಎರಡೂವರೆ. ನಿಮ್ಮಲ್ಲೂ ಪೋಸ್ಟ್ ಅನಿರೀಕ್ಷಿತ ಹೊತ್ತಿಗೆ ಬಂದು, ವ್ಯತ್ಯಾಸ ಕರಾರುವಾಕ್ಕಾಗಿ ಐದೂವರೆ ಗಂಟೆ ಇದ್ದರೆ ಮೊದಲು ಇದನ್ನೇ ನೋಡಿ. ಹಳೆಯ ಪೋಸ್ಟನ್ನು ತಿಂಗಳುಗಟ್ಟಲೆ ಬಿಟ್ಟು ತಾನಾಗಿ ಮತ್ತೆ ಹಾಕುವ ಸೌಲಭ್ಯವೂ ಕೆಲವು ಟೂಲ್‌ಗಳಲ್ಲಿದೆ. ಮುಗಿದುಹೋದ ದೀಪಾವಳಿ ರಿಯಾಯಿತಿ ಸಂಕ್ರಾಂತಿಗೆ ಮತ್ತೆ ಕಾಣಿಸುವುದು ಅದರಿಂದಲೇ.

ನಂಬಿಕೆ: ಅಲರ್ಟ್‌ನಲ್ಲಿ ಬೇರೆ ಊರಿನ ಹೆಸರಿದ್ದರೆ ಕಳ್ಳ, ನಮ್ಮ ಊರಿದ್ದರೆ ನಾವೇ.

ಸತ್ಯ: ಅಲರ್ಟ್‌ನಲ್ಲಿರುವ ಊರು ಐಪಿ ವಿಳಾಸದಿಂದ ಮಾಡಿದ ಅಂದಾಜು. ಮೊಬೈಲ್ ಡೇಟಾದಲ್ಲಿ ಹುಬ್ಬಳ್ಳಿಯಲ್ಲೇ ಕುಳಿತವರಿಗೆ ಬೆಂಗಳೂರೋ ಚೆನ್ನೈಯೋ ಮುಂಬೈಯೋ ಕಾಣಿಸುವುದುಂಟು. ಊರಿಗಿಂತ ಸಮಯ ಮತ್ತು ಸಾಧನವನ್ನು ನಂಬಿ. ಆ ನಿಮಿಷದಲ್ಲಿ ನೀವು ಲಾಗಿನ್ ಆದಿರಾ? ಆ ಬಗೆಯ ಫೋನ್ ನಿಮ್ಮ ಬಳಿ ಇದೆಯೇ? ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್ ಎಂಬ ಊರು ಕಂಡರೆ ಇನ್ನೊಂದು ಸಾಧ್ಯತೆಯೂ ಇದೆ. ಅದು ಡೇಟಾ ಸೆಂಟರ್‌ಗಳೇ ತುಂಬಿರುವ ಊರು. ಅನುಮತಿಯ ಪರದೆ ತೋರಿಸದೆ ನೇರವಾಗಿ ನಿಮ್ಮ ಪಾಸ್‌ವರ್ಡನ್ನೇ ಕೇಳಿ ಪಡೆದ ಟೂಲ್ ಅಂಥ ಕಡೆಯಿಂದ ಲಾಗಿನ್ ಆಗುತ್ತಿರಬಹುದು. ಹಾಗೆ ಪಾಸ್‌ವರ್ಡ್ ಕೇಳುವ ಟೂಲನ್ನು ಬಿಟ್ಟುಬಿಡಿ ಎನ್ನುವುದು ನನ್ನ ಖಚಿತ ಮಾತು.

ಅಲರ್ಟ್ ಎಂದು ಬಂದ ಇಮೇಲ್ ಕೂಡ ಸುಳ್ಳಿರಬಹುದು. ಅದರೊಳಗಿನ ಲಿಂಕ್ ಒತ್ತದೆ, ಆಪ್ ತೆರೆದು Accounts Center, Password and security, Recent emails ಎಂಬಲ್ಲಿಗೆ ಹೋಗಿ. ಮೆಟಾ ನಿಜವಾಗಿ ಕಳಿಸಿದ ಭದ್ರತಾ ಇಮೇಲ್ ಆ ಪಟ್ಟಿಯಲ್ಲಿರುತ್ತದೆ.

ನಿಜಕ್ಕೂ ಕಳ್ಳತನವೇ ಆಗಿದ್ದರೆ ಮಾಡಬೇಕಾದ ಕ್ರಮವೂ ಇದರಿಂದಲೇ ಹುಟ್ಟುತ್ತದೆ. ಸ್ಕ್ರೀನ್‌ಶಾಟ್ ತೆಗೆದು, ಟೂಲಿನ ಸರದಿಯನ್ನು ನಿಲ್ಲಿಸಿ, ಆಮೇಲೆ ಅನುಮತಿ ರದ್ದು ಮಾಡಿ. ಫೇಸ್‌ಬುಕ್‌ನಲ್ಲಿ ಅದು Business integrations, ಎಕ್ಸ್‌ನಲ್ಲಿ Connected apps, ಯೂಟ್ಯೂಬ್‌ಗೆ myaccount.google.com/connections. ಪೇಜ್ ನಡೆಸುವ ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರೊಫೈಲಿನಲ್ಲಿ ಇದನ್ನು ನೋಡಬೇಕು. ಪಾಸ್‌ವರ್ಡ್‌ಗಳ ಸರದಿ ಆಮೇಲೆ, ಟೂಲಿನದು ಮೊದಲು. ನಕಲಿ ಪೋಸ್ಟ್ ನಂಬಿ ಗ್ರಾಹಕರು ಹಣ ಕಳಿಸಿಬಿಟ್ಟಿದ್ದರೆ ಅವರಿಗೆ ತಕ್ಷಣ 1930ಕ್ಕೆ ಕರೆ ಮಾಡಲು ಹೇಳಿ.

ಪೋಸ್ಟ್ ಹೋದಾಗಲೆಲ್ಲ ಇಮೇಲ್ ಕಳಿಸುವ ಆಯ್ಕೆ ಟೂಲಿನಲ್ಲಿದ್ದರೆ ಅದನ್ನು ಹಾಕಿಕೊಳ್ಳಿ. ಲಾಗಿನ್ ಅಲರ್ಟ್‌ಗೆ ಕಾಣದ್ದು ಅದಕ್ಕೆ ಕಾಣುತ್ತದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಈಗ ಆ ಇಮೇಲ್ ಮಾವ, ಅಳಿಯ ಇಬ್ಬರಿಗೂ ಬರುತ್ತದೆ, ಟೈಮ್‌ಝೋನ್ ಕೋಲ್ಕತ್ತಾಕ್ಕೆ ಬದಲಾಗಿದೆ. ಅಂದು ಮಾಲೀಕರ ಪ್ರೊಫೈಲಿನ Business integrations ತೆರೆದಾಗ ಇನ್ನೊಂದು ಹೆಸರು ಸಿಕ್ಕಿತು. ಮೂರು ವರ್ಷದ ಹಿಂದೆ ಒಂದು ಸೀಸನ್‌ಗಷ್ಟೇ ಜಾಹೀರಾತು ನೋಡಿಕೊಂಡು ಹೋಗಿದ್ದವರ ಟೂಲ್ ಅದು. ಪೋಸ್ಟ್ ಹಾಕುವ ಅನುಮತಿ ಅದಕ್ಕೆ ಇನ್ನೂ ಇತ್ತು. "ಇವ್ರು ಅಂಗಡಿ ಬಿಟ್ಟು ಹೋಗ್ಯಾರಲ್ರೀ" ಎಂದರು ಮಾಲೀಕರು, ಮತ್ತು Remove ಒತ್ತಿದರು.